ಸಮತಟ್ಟಾದ ರಸ್ತೆಯಲ್ಲಿ 180 ವಾಟ್‌ಗೆ ಎಷ್ಟು ವೇಗ? ಸೈಕಲ್ ಸವಾರರಿಗೊಂದು ಲೆಕ್ಕದ ಮಾರ್ಗದರ್ಶಿ

ವಿಜಯಪುರ ಮತ್ತು ಬಾಗಲಕೋಟೆಯ ಹಳ್ಳಿಗಳಲ್ಲಿ ಸೈಕಲ್ ರೇಸು ಹೊಸದಲ್ಲ. ಈ ಭಾಗದಿಂದ ರಾಷ್ಟ್ರಮಟ್ಟದಲ್ಲಿ ಸ್ಪರ್ಧಿಸಿದ ಸವಾರರು ಅನೇಕರಿದ್ದಾರೆ, ಮತ್ತು ಬೆಳಗಿನ ಜಾವ ಊರ ಹೊರಗಿನ ರಸ್ತೆಗೆ ಹೋದರೆ ಅಭ್ಯಾಸಕ್ಕೆ ಹೊರಟ ಹುಡುಗರು ಸಾಲಾಗಿ ಸಿಗುತ್ತಾರೆ. ಅಂಥವರಲ್ಲಿ ಒಬ್ಬ, ನಮ್ಮ ಓಣಿಯವನೇ, ಪೆಡಲಿಗೆ ಜೋಡಿಸುವ ಪವರ್ ಮೀಟರನ್ನು ಗೆಳೆಯನಿಂದ ಎರವಲು ತಂದಿದ್ದನು. ಮೂವತ್ತು ಕಿಲೋಮೀಟರಿನ ಟೈಮ್ ಟ್ರಯಲ್‌ಗೆ ತಯಾರಾಗುತ್ತಿದ್ದ ಅವನು ಒಂದು ಸಂಜೆ ಮನೆಗೆ ಬಂದು, "ಸರ್, ಒಂದ್ ತಾಸು ನೂರಾ ಎಂಬತ್ತ್ ವಾಟ್ ಹಿಡಿದ ಹೊಡೀತೀನ್ರೀ, ಎಷ್ಟ್ ಸ್ಪೀಡ್ ಬರಬೇಕ್ರೀ?" ಎಂದು ಕೇಳಿದನು. ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಹುಡುಕುವುದು ಹೇಗೆ, ಆ ಉತ್ತರವನ್ನು ರಸ್ತೆಯ ಮೇಲೆ ಒರೆಗೆ ಹಚ್ಚುವುದು ಹೇಗೆ ಎಂಬುದನ್ನು ಅವನದೇ ಅಂಕಿಗಳನ್ನು ಇಟ್ಟುಕೊಂಡು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಸೂತ್ರ

ಏರು ಇಳಿವು ಇಲ್ಲದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುತ್ತಿರುವ ಸವಾರನನ್ನು ಹಿಂದಕ್ಕೆ ತಡೆಯುವ ಬಲಗಳು ಮುಖ್ಯವಾಗಿ ಎರಡು. ಟೈರು ನೆಲಕ್ಕೆ ಒತ್ತಿ ಚಪ್ಪಟೆಯಾಗಿ ಮತ್ತೆ ಮೊದಲಿನಂತಾಗುವಾಗ ಕಳೆದುಹೋಗುವ ಶಕ್ತಿಯಿಂದ ಹುಟ್ಟುವುದು ಉರುಳು ಘರ್ಷಣೆ. ಅದು ವೇಗ ಹೆಚ್ಚಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಾಳಿಯನ್ನು ಸೀಳಿಕೊಂಡು ಹೋಗುವಾಗ ಎದುರಾಗುವುದು ಗಾಳಿಯ ತಡೆ. ಅದು ವೇಗದ ವರ್ಗದಂತೆ ಬೆಳೆಯುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಈ ಎರಡು ಬಲಗಳ ಮೊತ್ತವನ್ನು ವೇಗದಿಂದ ಗುಣಿಸಿದರೆ ಹಿಂದಿನ ಗಾಲಿಗೆ ಬೇಕಾದ ವಾಟ್ ಸಿಗುತ್ತದೆ.

```
η*P = v * ( Crr*m*g + 0.5*ρ*CdA*(v + w)^2 )
```

ಇಲ್ಲಿ P ಎಂಬುದು ಪೆಡಲಿನ ಮೇಲೆ ಸವಾರ ಹಾಕುವ ವಾಟ್, η ಎಂಬುದು ಅದರಲ್ಲಿ ಗಾಲಿಗೆ ತಲುಪುವ ಪಾಲು. v ಸೈಕಲ್ಲಿನ ವೇಗ, w ಎದುರುಗಾಳಿಯ ವೇಗ. ಇವೆರಡನ್ನೂ ಸೆಕೆಂಡಿಗೆ ಇಷ್ಟು ಮೀಟರ್ ಎಂದೇ ಹಾಕಬೇಕು. m ಸವಾರ, ಸೈಕಲ್, ನೀರಿನ ಬಾಟಲಿ, ಹೆಲ್ಮೆಟ್ ಎಲ್ಲ ಸೇರಿದ ತೂಕ, g ಎಂದರೆ 9.81. Crr ಟೈರು ಮತ್ತು ರಸ್ತೆಯ ಜೋಡಿಗೆ ಸೇರಿದ ಗುಣಾಂಕ. ρ ಗಾಳಿಯ ಸಾಂದ್ರತೆ. CdA ಎಂಬುದು ಮೈಯ ಆಕಾರವನ್ನೂ ಗಾಳಿಗೆ ಎದುರಾಗುವ ವಿಸ್ತೀರ್ಣವನ್ನೂ ಒಟ್ಟುಗೂಡಿಸಿದ ಸಂಖ್ಯೆ, ಚದರ ಮೀಟರಿನಲ್ಲಿ. ಇದೇ ಬಗೆಯ ಸೂತ್ರವನ್ನು ಜೇಮ್ಸ್ ಮಾರ್ಟಿನ್ ಮತ್ತು ಸಂಗಡಿಗರು 1998ರಲ್ಲಿ ಪವರ್ ಮೀಟರ್ ಇದ್ದ ಸೈಕಲ್ಲುಗಳನ್ನು ಓಡಿಸಿ ಪರೀಕ್ಷಿಸಿದ್ದರು, ಮತ್ತು ಲೆಕ್ಕವೂ ಅಳತೆಯೂ ಬಹಳ ಹತ್ತಿರ ಬಂದಿದ್ದವು.

ಈ ಲೆಕ್ಕದಲ್ಲಿ ನಾನು ಅತಿ ಹೆಚ್ಚು ಬಾರಿ ನೋಡಿರುವ ತಪ್ಪು v ಜಾಗದಲ್ಲಿ ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ಅಂಕಿಯನ್ನು ಹಾಗೆಯೇ ಹಾಕುವುದು. ಗಂಟೆಯ ಅಂಕಿಯನ್ನು 3.6ರಿಂದ ಭಾಗಿಸಿ ಮೊದಲು ಸೆಕೆಂಡಿಗೆ ತಂದುಕೊಳ್ಳಬೇಕು. ಸಾವಿರಾರು ವಾಟ್ ಬೇಕೆಂದು ಉತ್ತರ ಬಂದರೆ ತಪ್ಪು ಇಲ್ಲಿಯೇ ಆಗಿರುತ್ತದೆ.

ಮೊದಲ ಹಂತ: ಅಂಕಿಗಳನ್ನು ಕೂಡಿಸಿಕೊಳ್ಳುವುದು

ಹುಡುಗನ ತೂಕ 66 ಕೆ.ಜಿ., ಸೈಕಲ್ 9 ಕೆ.ಜಿ., ಬಟ್ಟೆ, ಬೂಟು, ಹೆಲ್ಮೆಟ್ ಹಾಗೂ ತುಂಬಿದ ಬಾಟಲಿ ಸೇರಿ 3 ಕೆ.ಜಿ.; ಒಟ್ಟು 78. ಚೈನು ಶುಚಿಯಾಗಿದ್ದು ಎಣ್ಣೆ ಕಂಡಿದ್ದರೆ ಪೆಡಲಿನ ಸಾಮರ್ಥ್ಯದಲ್ಲಿ ಶೇಕಡಾ 97ರಷ್ಟು ಗಾಲಿಗೆ ತಲುಪುತ್ತದೆ ಎಂದು ಹಿಡಿಯಬಹುದು. ಹಾಗಾಗಿ ಅವನ 180 ವಾಟ್‌ನಲ್ಲಿ ರಸ್ತೆಗೆ ಸಿಗುವುದು 174.6 ವಾಟ್. ಗಾಲಿಯ ಹಬ್ಬಿನಲ್ಲೇ ಅಳೆಯುವ ಪವರ್ ಮೀಟರ್ ಇದ್ದವರು ಈ ಕಡಿತವನ್ನು ಮಾಡಬಾರದು, ಏಕೆಂದರೆ ಅಲ್ಲಿ ಚೈನಿನ ನಷ್ಟ ಆಗಲೇ ಕಳೆದಿರುತ್ತದೆ.

ಉರುಳು ಘರ್ಷಣೆಯ ಗುಣಾಂಕ ಒಳ್ಳೆಯ ರೇಸಿಂಗ್ ಟೈರಿಗೆ ನುಣುಪಾದ ಡಾಂಬರಿನ ಮೇಲೆ 0.004ರ ಆಸುಪಾಸು, ಸಾಧಾರಣ ಟೈರಿಗೆ ಸಾಧಾರಣ ರಸ್ತೆಯಲ್ಲಿ 0.005ರಿಂದ 0.006, ಒರಟು ರಸ್ತೆಯಲ್ಲಿ ಅದಕ್ಕಿಂತ ಹೆಚ್ಚು. ನಮ್ಮ ಕಡೆಯ ಅನೇಕ ರಸ್ತೆಗಳಲ್ಲಿ ಮೇಲಿನ ಡಾಂಬರು ಸವೆದು ಖಡಿಯ ಮೊನೆಗಳು ಎದ್ದು ನಿಂತಿರುತ್ತವೆ. ಅಂಗೈಯನ್ನು ಒತ್ತಿ ತೆಗೆದರೆ ಚರ್ಮದ ಮೇಲೆ ಗುಳಿಗಳು ಮೂಡುತ್ತವೆ, ಮತ್ತು ಅಂಥ ಕಡೆ ಟೈರು ಗುಂಯ್ ಎಂದು ಸದ್ದು ಮಾಡುತ್ತ ಹ್ಯಾಂಡಲ್ಲಿನಲ್ಲಿ ನಡುಕ ಹುಟ್ಟಿಸುತ್ತದೆ. ಆ ಸದ್ದು, ಆ ನಡುಕ ಎರಡೂ ಸವಾರನ ವಾಟ್‌ಗಳಿಂದಲೇ ಬಂದವು. ಇಂಥಲ್ಲಿ ಹವಾ ಅತಿಯಾಗಿ ತುಂಬಿದರೆ ಟೈರು ಖಡಿಯನ್ನು ನುಂಗದೆ ಪುಟಿಯುತ್ತದೆ ಮತ್ತು ನಷ್ಟ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಸದ್ಯಕ್ಕೆ 0.006 ಎಂದು ಇಟ್ಟುಕೊಂಡೆವು. ಆಗ ಉರುಳು ಘರ್ಷಣೆಯ ಬಲ 0.006 × 78 × 9.81, ಅಂದರೆ 4.59 ನ್ಯೂಟನ್.

CdA ಅಳತೆ ಕುಳಿತ ಭಂಗಿಯನ್ನು ಅವಲಂಬಿಸಿದೆ. ಹಾಲಿನ ಕ್ಯಾನು ಕಟ್ಟಿಕೊಂಡು ನೆಟ್ಟಗೆ ಕುಳಿತು ಹೋಗುವವರದು 0.5 ಅಥವಾ ಅದಕ್ಕೂ ಹೆಚ್ಚಿರುತ್ತದೆ. ರೇಸಿಂಗ್ ಸೈಕಲ್ಲಿನ ಬ್ರೇಕ್ ಹಿಡಿಕೆಗಳ ಮೇಲೆ ಕೈಯಿಟ್ಟವರದು 0.35ರಿಂದ 0.40, ಬಾಗಿದ ಹ್ಯಾಂಡಲ್ಲಿನ ಕೆಳಭಾಗ ಹಿಡಿದವರದು 0.30ರ ಸುಮಾರು, ಟೈಮ್ ಟ್ರಯಲ್ ಸೈಕಲ್ಲಿನಲ್ಲಿ ಮೊಣಕೈ ಊರಿ ಮಲಗಿದಂತೆ ಕುಳಿತವರದು 0.25ರ ಹತ್ತಿರ. ನಮ್ಮ ಹುಡುಗ ಬ್ರೇಕ್ ಹಿಡಿಕೆ ಹಿಡಿದು ಓಡಿಸುವವನು, ಅವನಿಗೆ 0.36 ಹಾಕಿದೆವು.

ಗಾಳಿಯ ಸಾಂದ್ರತೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ, ಏಕೆಂದರೆ ಇಲ್ಲಿ ಕಣ್ಣಿಗೆ ಕಾಣದ ಒಂದು ಗುಂಡಿಯಿದೆ. ಅನೇಕ ಲೆಕ್ಕಗಳಲ್ಲಿ ಕಾಣುವ 1.225 ಎಂಬ ಅಂಕಿ ಸಮುದ್ರಮಟ್ಟದ್ದು, ಅದೂ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಬೆಳಗಾವಿ ಇನ್ನೂ ಮೇಲೆ, ಸುಮಾರು 750 ಮೀಟರ್. ಸಾಂದ್ರತೆಯನ್ನು ಹೀಗೆ ಕಂಡುಹಿಡಿಯಬಹುದು:

```
ρ = p / (287 * (t + 273))
```

ಇಲ್ಲಿ p ಪಾಸ್ಕಲ್‌ನಲ್ಲಿ ಒತ್ತಡ, t ಸೆಲ್ಸಿಯಸ್‌ನಲ್ಲಿ ಉಷ್ಣತೆ. ಈಗ ಮೊಬೈಲಿನ ಹವಾಮಾನ ಆ್ಯಪ್ ತೆರೆದರೆ ವಿಜಯಪುರಕ್ಕೆ 1010 ಮಿಲಿಬಾರ್ ಎಂಬಂಥ ಒತ್ತಡ ಕಾಣುತ್ತದೆ. ಅದು ನಾವು ನಿಂತ ನೆಲದ ಒತ್ತಡವಲ್ಲ. ಊರೂರಿನ ಅಂಕಿಗಳನ್ನು ಹೋಲಿಸಲು ಅನುಕೂಲವಾಗಲೆಂದು ಸಮುದ್ರಮಟ್ಟಕ್ಕೆ ಇಳಿಸಿ ಬರೆದದ್ದು. ವಿಜಯಪುರದಲ್ಲಿ ಅದರಿಂದ ಸುಮಾರು 67 ಕಳೆದರೆ ನಿಜವಾದ ಒತ್ತಡ, 943 ಮಿಲಿಬಾರ್ ಅಥವಾ 94300 ಪಾಸ್ಕಲ್, ಸಿಗುತ್ತದೆ. ಬೆಳಗ್ಗೆ 24 ಡಿಗ್ರಿ ಇದ್ದರೆ ಸೂತ್ರದಿಂದ 1.106 ಬರುತ್ತದೆ, ತೇವಾಂಶ ಗಾಳಿಯನ್ನು ತುಸು ಹಗುರಗೊಳಿಸುವುದರಿಂದ 1.10 ಎಂದು ಹಿಡಿದರೆ ಸಾಕು. ಆ್ಯಪಿನ 1010 ಅನ್ನೇ ನೇರವಾಗಿ ಹಾಕಿದ್ದರೆ 1.185 ಬರುತ್ತಿತ್ತು, ಮತ್ತು ಅಂತಿಮ ವೇಗ ಗಂಟೆಗೆ ಮುಕ್ಕಾಲು ಕಿಲೋಮೀಟರಿನಷ್ಟು ಕಡಿಮೆ ತೋರುತ್ತಿತ್ತು.

ಎರಡನೆಯ ಹಂತ: ವೇಗವನ್ನು ಬಿಡಿಸುವುದು

ಗಾಳಿ ಇಲ್ಲದ ಮುಂಜಾವು ಎಂದುಕೊಂಡರೆ w ಸೊನ್ನೆ. ಗಾಳಿಯ ಭಾಗದ ಗುಣಕ 0.5 × 1.10 × 0.36, ಅಂದರೆ 0.198. ಈಗ ನಮ್ಮ ಮುಂದೆ ಇರುವುದು ಇಷ್ಟೇ:

```
4.59*v + 0.198*v^3 = 174.6
```

ಇದು ಘನ ಸಮೀಕರಣ. ಇದನ್ನು ಬಿಡಿಸುವ ನೇರ ಸೂತ್ರ ಇದೆಯಾದರೂ ಊಹಿಸಿ ತಿದ್ದುವ ದಾರಿಯೇ ಸುಲಭ. ಗಂಟೆಗೆ 30 ಕಿ.ಮೀ. ಎಂದು ಊಹಿಸೋಣ, ಅದು ಸೆಕೆಂಡಿಗೆ 8.33 ಮೀಟರ್. ಉರುಳು ಘರ್ಷಣೆಗೆ 38.2 ವಾಟ್, ಗಾಳಿಗೆ 114.6 ವಾಟ್, ಒಟ್ಟು 152.8 ವಾಟ್ ಬೇಕು. ನಮ್ಮಲ್ಲಿ 174.6 ಇದೆ, ಅಂದರೆ 21.8 ವಾಟ್ ಮಿಕ್ಕಿದೆ. ಈ ಮಿಕ್ಕಿದ್ದು ಎಷ್ಟು ವೇಗ ತಂದುಕೊಡುತ್ತದೆಂದು ತಿಳಿಯಲು ಆ ವೇಗದಲ್ಲಿ ಸೆಕೆಂಡಿಗೆ ಇನ್ನೊಂದು ಮೀಟರ್ ಹೆಚ್ಚಿಸಲು ಎಷ್ಟು ವಾಟ್ ಬೇಕೆಂದು ನೋಡಬೇಕು: 4.59 + 3 × 0.198 × 8.33 × 8.33, ಅಂದರೆ ಸುಮಾರು 45.8. 21.8 ಅನ್ನು 45.8ರಿಂದ ಭಾಗಿಸಿದರೆ 0.476; ಹೊಸ ಊಹೆ 8.809. ಅದನ್ನು ಮತ್ತೆ ಹಾಕಿ ನೋಡಿದರೆ 175.8 ವಾಟ್ ಬೇಕಾಗುತ್ತದೆ, 1.2 ವಾಟ್ ಕೊರತೆ. ಇದೇ ರೀತಿ ಇನ್ನೊಮ್ಮೆ ತಿದ್ದಿದರೆ 8.786ಕ್ಕೆ ಬಂದು ನಿಲ್ಲುತ್ತದೆ. 3.6ರಿಂದ ಗುಣಿಸಿದರೆ ಗಂಟೆಗೆ 31.6 ಕಿಲೋಮೀಟರ್.

ಮತ್ತೆ ಮತ್ತೆ ಮಾಡಬೇಕಾದವರಿಗೆ ಇದೇ ತಿದ್ದುಪಡಿಯನ್ನು ಪೈಥಾನ್‌ನಲ್ಲಿ ಹೀಗೆ ಬರೆದಿಡಬಹುದು. ಹಿಂದಿನಿಂದ ಬೀಸುವ ಗಾಳಿಗೆ w ಅನ್ನು ಋಣಸಂಖ್ಯೆಯಾಗಿ ಹಾಕಬೇಕು. ಆ ಗಾಳಿ ಸೈಕಲ್ಲಿಗಿಂತ ವೇಗವಾಗಿದ್ದರೆ ಅದು ತಡೆಯುವುದಿಲ್ಲ, ನೂಕುತ್ತದೆ. ವರ್ಗ ಮಾಡಿದಾಗ ಈ ಚಿಹ್ನೆ ಕಳೆದುಹೋಗದಿರಲೆಂದು `u*abs(u)` ಎಂದು ಬರೆದಿದೆ.

```
P, eta, m, g = 180, 0.97, 78, 9.81
Crr, CdA, rho, w = 0.006, 0.36, 1.10, 0
v = 8.0
for i in range(20):
    u = v + w
    F = Crr*m*g + 0.5*rho*CdA*u*abs(u)
    S = F + v*rho*CdA*abs(u)
    v = v - (v*F - eta*P)/S
print(v*3.6)
```

ಉತ್ತರ ಬಂದ ಮೇಲೆ ಒಂದೊಂದೇ ಅಂಕಿಯನ್ನು ಬದಲಿಸಿ ನೋಡಿದಾಗ ಯಾವುದರ ತೂಕ ಎಷ್ಟೆಂಬುದು ತಿಳಿಯುತ್ತದೆ. 180 ಇದ್ದದ್ದು 200 ವಾಟ್ ಆದರೆ ವೇಗ 33.0ಕ್ಕೆ ಏರುತ್ತದೆ; ಶೇಕಡಾ 11ರಷ್ಟು ಹೆಚ್ಚಿನ ದುಡಿತಕ್ಕೆ ಸಿಗುವುದು ಶೇಕಡಾ 4ರಷ್ಟು ವೇಗ. ಅದೇ 180 ವಾಟ್‌ನಲ್ಲಿ ಕೈಗಳನ್ನು ಹ್ಯಾಂಡಲ್ಲಿನ ಕೆಳಭಾಗಕ್ಕೆ ಇಳಿಸಿ CdA 0.31ಕ್ಕೆ ಬಂದರೆ 33.1 ಸಿಗುತ್ತದೆ. ಅಂದರೆ ಈ ವೇಗದಲ್ಲಿ ಬೆನ್ನು ಬಗ್ಗಿಸುವುದು 20 ವಾಟ್ ಹೆಚ್ಚು ತುಳಿಯುವುದಕ್ಕೆ ಸಮ, ಆ ಭಂಗಿಯಲ್ಲಿ ಒಂದು ತಾಸು ತುಳಿಯಲು ಸೊಂಟ ಒಪ್ಪಿದರೆ. ಟೈರು ಬದಲಿಸಿ ಗುಣಾಂಕವನ್ನು 0.005ಕ್ಕೆ ತಂದರೆ ಅರ್ಧ ಕಿಲೋಮೀಟರ್ ಲಾಭ. ಎರಡು ಕೆ.ಜಿ. ಹಗುರವಾದ ಸೈಕಲ್ ತಂದರೆ ಸಮತಟ್ಟಿನಲ್ಲಿ ಉಳಿಯುವುದು ಒಂದು ವಾಟ್ ಮಾತ್ರ, ವೇಗದಲ್ಲಿ ಹತ್ತಿರ ಹತ್ತಿರ 0.07 ಕಿ.ಮೀ. ಹಗುರ ಸೈಕಲ್ಲಿಗಾಗಿ ಸಾಲ ಮಾಡಲು ಹೊರಟ ಸಮತಟ್ಟಿನ ಸವಾರರಿಗೆ ನಾನು ಮೊದಲು ಈ ಅಂಕಿಯನ್ನು ತೋರಿಸುತ್ತೇನೆ.

ಮೂರನೆಯ ಹಂತ: ರಸ್ತೆಯಿಂದಲೇ ಅಂಕಿಗಳನ್ನು ಪಡೆಯುವುದು

ಇಲ್ಲಿಯವರೆಗೆ 0.006 ಮತ್ತು 0.36 ಎಂಬ ಎರಡು ಅಂಕಿಗಳನ್ನು ಊಹಿಸಿಯೇ ಹಾಕಿದ್ದೇವೆ. ಪವರ್ ಮೀಟರ್ ಇದ್ದರೆ ಅವುಗಳನ್ನು ಒಂದು ಬೆಳಗಿನಲ್ಲಿ ಅಳೆಯಬಹುದು. ಉಪಾಯ ಇಷ್ಟು: ಗಾಲಿಗೆ ತಲುಪಿದ ವಾಟ್ ಅನ್ನು ವೇಗದಿಂದ ಭಾಗಿಸಿದರೆ ಒಟ್ಟು ತಡೆಯ ಬಲ ಸಿಗುತ್ತದೆ. ನಿಧಾನವಾಗಿ ಹೋದಾಗ ಅದರಲ್ಲಿ ಉರುಳು ಘರ್ಷಣೆಯ ಪಾಲು ದೊಡ್ಡದು, ಜೋರಾಗಿ ಹೋದಾಗ ಗಾಳಿಯ ಪಾಲು ದೊಡ್ಡದು. ಎರಡು ವೇಗಗಳಲ್ಲಿ ಅಳೆದರೆ ಎರಡನ್ನೂ ಬೇರ್ಪಡಿಸಬಹುದು.

ಬಬಲೇಶ್ವರದ ದಾರಿಯಲ್ಲಿ ಒಂದು ನೇರವಾದ ಕಿಲೋಮೀಟರನ್ನು ಆರಿಸಿಕೊಂಡು, ಎರಡೂ ತುದಿಗಳಲ್ಲಿ ಸುಣ್ಣದ ಗುರುತು ಹಾಕಿ, ಬೆಳಗ್ಗೆ ಆರು ಗಂಟೆಗೆ ಕೆಲಸ ಆರಂಭಿಸಿದೆವು. ಪವರ್ ಮೀಟರನ್ನು ಹೊರಗಿನ ಗಾಳಿಯಲ್ಲಿ ಕಾಲು ತಾಸು ಇಟ್ಟು, ಅದರ ಉಷ್ಣತೆ ಹೊಂದಿಕೊಂಡ ಮೇಲೆ ಸೊನ್ನೆಗೆ ಹೊಂದಿಸಿಕೊಂಡೆವು. ಮನೆಯೊಳಗೆ ಸೊನ್ನೆ ಮಾಡಿ ಹೊರಗೆ ತಂದರೆ ಕೆಲವು ವಾಟ್‌ಗಳ ವ್ಯತ್ಯಾಸ ನುಸುಳುವುದು ಸಾಮಾನ್ಯ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗಿ ಬರುವುದು, 34ರಲ್ಲಿ ಹೋಗಿ ಬರುವುದು, ಹೀಗೆ ಮೂರು ಮೂರು ಬಾರಿ. ಎರಡು ದಿಕ್ಕಿನಲ್ಲೂ ಒಂದೇ ಆಗಿರಬೇಕಾದದ್ದು ವೇಗ, ವಾಟ್ ಅಲ್ಲ. ಗುರುತಿಗೆ ಮುನ್ನೂರು ಮೀಟರ್ ಮೊದಲೇ ಆ ವೇಗಕ್ಕೆ ಬಂದಿರಬೇಕು, ಮತ್ತು ನಿಧಾನದ ಓಟದಲ್ಲೂ ಮೈಯನ್ನು ಜೋರಿನ ಓಟದಲ್ಲಿದ್ದಷ್ಟೇ ಬಗ್ಗಿಸಿರಬೇಕು. ನಿಧಾನವಾಗಿ ಹೋಗುವಾಗ ಎಲ್ಲರಿಗೂ ತಿಳಿಯದೆ ಬೆನ್ನು ನೆಟ್ಟಗಾಗುತ್ತದೆ. ನಾನು ಬೈಕಿನ ಮೇಲೆ ಬಹಳ ದೂರ ಹಿಂದೆ ಉಳಿದು ಅದನ್ನಷ್ಟೇ ನೋಡುತ್ತಿದ್ದೆ.

ಸಿಕ್ಕ ಸರಾಸರಿಗಳು ಹೀಗಿದ್ದವು. 20ರಲ್ಲಿ ಹೋಗುವಾಗ 70 ವಾಟ್, ಬರುವಾಗ 62. 34ರಲ್ಲಿ ಹೋಗುವಾಗ 233, ಬರುವಾಗ 219. ಎರಡು ದಿಕ್ಕಿಗೂ ಏಕೆ ಇಷ್ಟು ಅಂತರ, ಇಳಿಜಾರಿನಿಂದಲೋ ಗಾಳಿಯಿಂದಲೋ? ಇದನ್ನು ಅಂಕಿಗಳೇ ಹೇಳುತ್ತವೆ. ವಾಟ್‌ಗಳ ಅಂತರದ ಅರ್ಧವನ್ನು ಬಲಕ್ಕೆ ಪರಿವರ್ತಿಸಿದರೆ ನಿಧಾನದ ಓಟದಲ್ಲಿ 0.70 ನ್ಯೂಟನ್, ಜೋರಿನ ಓಟದಲ್ಲಿ 0.72 ನ್ಯೂಟನ್ ಬರುತ್ತದೆ. ಗಾಳಿಯಿಂದಾಗಿದ್ದರೆ ವೇಗ ಹೆಚ್ಚಿದಂತೆ ಈ ಬಲವೂ ಹೆಚ್ಚಬೇಕಿತ್ತು. ಒಂದೇ ಆಗಿರುವುದರಿಂದ ಇದು ಇಳಿಜಾರು. 0.7 ನ್ಯೂಟನ್ ಅನ್ನು ಒಟ್ಟು ಭಾರವಾದ 765 ನ್ಯೂಟನ್‌ನಿಂದ ಭಾಗಿಸಿದರೆ ಕಿಲೋಮೀಟರಿಗೆ ಒಂದು ಮೀಟರಿಗಿಂತ ತುಸು ಕಡಿಮೆ ಏರು ಎಂದಾಗುತ್ತದೆ. ಕಣ್ಣಿಗೆ ಆ ರಸ್ತೆ ರೊಟ್ಟಿ ಬಡಿಯುವ ಕಲ್ಲಿನಂತೆ ಮಟ್ಟಸವಾಗಿ ಕಂಡಿತ್ತು. ಎರೆಭೂಮಿಯ ಬಯಲಿನಲ್ಲಿ ಕಣ್ಣನ್ನು ನಂಬಬಾರದೆಂಬುದಕ್ಕೆ ಇನ್ನೊಂದು ಅಂಕಿ ಸಾಕು: 200 ಮೀಟರಿಗೆ ಒಂದೇ ಮೀಟರ್ ಏರಿದರೂ ಹುಟ್ಟುವ ಬಲ 3.8 ನ್ಯೂಟನ್, ಉರುಳು ಘರ್ಷಣೆಯ ಹತ್ತಿರಕ್ಕೆ ಬರುವಷ್ಟು. ಆದ್ದರಿಂದ ಒಂದೇ ದಿಕ್ಕಿನಲ್ಲಿ ಅಳೆದ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬಾರದು. ಕೃಷ್ಣೆಯ ನೀರಾವರಿ ಕಾಲುವೆಗಳ ಪಕ್ಕದ ದಾರಿಗಳು, ಡಾಂಬರು ಕಂಡಿದ್ದರೆ, ಈ ಪರೀಕ್ಷೆಗೆ ಬಹಳ ಒಳ್ಳೆಯವು, ಏಕೆಂದರೆ ಕಾಲುವೆ ಬಹಳ ಸಣ್ಣ ಇಳಿಜಾರಿನಲ್ಲೇ ಸಾಗಬೇಕಾಗುತ್ತದೆ.

ಎರಡು ದಿಕ್ಕಿನ ಸರಾಸರಿ ತೆಗೆದರೆ ಇಳಿಜಾರು ಪೂರ್ತಿ ವಜಾ ಆಗುತ್ತದೆ: 20ರಲ್ಲಿ 66 ವಾಟ್, 34ರಲ್ಲಿ 226 ವಾಟ್. 0.97ರಿಂದ ಗುಣಿಸಿ ವೇಗದಿಂದ ಭಾಗಿಸಿದಾಗ ಬಲಗಳು 11.52 ಮತ್ತು 23.21 ನ್ಯೂಟನ್. ವೇಗದ ವರ್ಗಗಳು 30.86 ಮತ್ತು 89.20. ಬಲಗಳ ಅಂತರವನ್ನು ವರ್ಗಗಳ ಅಂತರದಿಂದ ಭಾಗಿಸಿದರೆ ಗಾಳಿಯ ಗುಣಕ 0.2004 ಸಿಗುತ್ತದೆ, ಅದನ್ನು 30.86ರಿಂದ ಗುಣಿಸಿ 11.52ರಿಂದ ಕಳೆದರೆ ಉಳಿಯುವುದು 5.34 ನ್ಯೂಟನ್, ಅದೇ ಉರುಳು ಘರ್ಷಣೆ. ಅಂದಿನ ಸಾಂದ್ರತೆ 1.10 ಇದ್ದದ್ದರಿಂದ CdA 0.364, ಗುಣಾಂಕ 0.0070. ಭಂಗಿಯ ಊಹೆ ಸರಿಯಾಗಿತ್ತು, ರಸ್ತೆಯನ್ನು ನಾವು ಇದ್ದುದಕ್ಕಿಂತ ನುಣುಪೆಂದು ಎಣಿಸಿದ್ದೆವು. ಈ ಹೊಸ ಅಂಕಿಗಳಿಂದ 180 ವಾಟ್‌ಗೆ ವೇಗ ಗಂಟೆಗೆ 31.0 ಕಿಲೋಮೀಟರ್.

ಈ ಅಳತೆಯನ್ನು ಎಷ್ಟು ನಂಬಬಹುದು? ನಿಧಾನದ ಓಟದಲ್ಲಿ 66ರ ಬದಲು 63 ವಾಟ್ ಬಂದಿದ್ದರೆ, ಅಂದರೆ ಮೂರೇ ವಾಟ್ ತಪ್ಪಿದ್ದರೆ, ಗುಣಾಂಕ 0.0070 ಇದ್ದದ್ದು 0.0059 ಆಗಿ, CdA 0.381ಕ್ಕೆ ಏರುತ್ತಿತ್ತು. ಟೈರಿನ ಬಗ್ಗೆ ತೀರ್ಮಾನ ಮಾಡುವವನಿಗೆ ಇದು ದೊಡ್ಡ ಅಂತರ. ಆದರೆ ಆ ತಪ್ಪು ಅಂಕಿಗಳನ್ನೇ ಹಾಕಿ 180 ವಾಟ್‌ಗೆ ಲೆಕ್ಕ ಹಾಕಿದರೂ 31.1 ಬರುತ್ತದೆ. ಒಂದು ಹೆಚ್ಚಾದಾಗ ಇನ್ನೊಂದು ತಗ್ಗುವುದರಿಂದ, ಅಳೆದ ಎರಡು ವೇಗಗಳ ನಡುವಿನ ಯಾವ ವೇಗಕ್ಕಾದರೂ ಭವಿಷ್ಯ ಅಲುಗಾಡುವುದಿಲ್ಲ. ವೇಗದ ಅಂದಾಜು ಮಾತ್ರ ಬೇಕಾದವರು ನೆಮ್ಮದಿಯಿಂದಿರಬಹುದು. ಟೈರಿಗೆ ಟೈರು ಹೋಲಿಸಬೇಕಾದವರು ನಿಧಾನದ ಓಟವನ್ನು ಹತ್ತು ಬಾರಿಯಾದರೂ ಮಾಡಬೇಕು.

ಇನ್ನೊಂದು ತೊಡಕು ಗಾಳಿಯದು. ಇಳಿಜಾರಿನಂತೆ ಗಾಳಿಯೂ ಹೋಗಿ ಬರುವುದರಲ್ಲಿ ವಜಾ ಆಗುತ್ತದೆಂದು ಅನೇಕರು ನಂಬಿದ್ದಾರೆ. ಎದುರುಗಾಳಿಯ ವರ್ಗವನ್ನೂ ಹಿಂಗಾಳಿಯ ವರ್ಗವನ್ನೂ ಕೂಡಿಸಿ ಅರ್ಧ ಮಾಡಿದರೆ ವೇಗದ ವರ್ಗದ ಜೊತೆಗೆ ಗಾಳಿಯ ವರ್ಗವೂ ಉಳಿದುಕೊಳ್ಳುತ್ತದೆ, ಮತ್ತು ಅದು ವೇಗದೊಂದಿಗೆ ಬದಲಾಗದ ಕಾರಣ ಉರುಳು ಘರ್ಷಣೆಯ ವೇಷ ಹಾಕಿಕೊಂಡು ಬರುತ್ತದೆ. ಸೆಕೆಂಡಿಗೆ ಒಂದು ಮೀಟರ್ ಗಾಳಿಗೆ ಈ ಹೆಚ್ಚುವರಿ 0.2 ನ್ಯೂಟನ್, ಸಹಿಸಿಕೊಳ್ಳಬಹುದು. ಎರಡು ಮೀಟರಿಗೆ 0.8 ನ್ಯೂಟನ್, ಆಗ ಗುಣಾಂಕ 0.001ರಷ್ಟು ಹೆಚ್ಚಾಗಿ ಕಾಣುತ್ತದೆ. ರಸ್ತೆ ಚೆನ್ನಾಗಿದ್ದೂ ಗುಣಾಂಕ ಹೆಚ್ಚು ಬಂದರೆ ಮೊದಲು ಗಾಳಿಯನ್ನೇ ಅನುಮಾನಿಸಬೇಕು. ಒಂದು ಕೋಲಿಗೆ ಮೊಳದುದ್ದದ ಉಲ್ಲನ್ ದಾರ ಕಟ್ಟಿ ಎದೆಯೆತ್ತರಕ್ಕೆ ನಿಲ್ಲಿಸಿದರೆ, ಅದು ನೇರವಾಗಿ ಇಳಿಬಿದ್ದಿರುವವರೆಗೆ ಮಾತ್ರ ಪರೀಕ್ಷೆ ನಡೆಸುವುದು ನಮ್ಮ ಕ್ರಮ. ಸಾಮಾನ್ಯವಾಗಿ ಬಿಸಿಲು ಏರುತ್ತಿದ್ದಂತೆ ದಾರ ಅಲುಗಲು ತೊಡಗುತ್ತದೆ. ಪಕ್ಕದಲ್ಲಿ ಲಾರಿಯೋ ಕಬ್ಬಿನ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರೋ ಹಾದುಹೋದ ಓಟವನ್ನು ಬರೆದುಕೊಳ್ಳದೆ ಬಿಡಬೇಕು, ಏಕೆಂದರೆ ಅವುಗಳ ಹಿಂದೆ ಎಳೆದುಕೊಂಡು ಬರುವ ಗಾಳಿ ಸವಾರನನ್ನು ಕೆಲವು ಸೆಕೆಂಡ್ ನೂಕಿರುತ್ತದೆ.

ನಾಲ್ಕನೆಯ ಹಂತ: ಗಾಳಿ ಇರುವ ದಿನದ ಲೆಕ್ಕ

ಸ್ಪರ್ಧೆಯ ದಿನ ಗಾಳಿ ನಿಲ್ಲುವುದನ್ನು ಕಾಯಲಾಗದು. ಮುಂಗಾರಿನ ತಿಂಗಳುಗಳಲ್ಲಿ ಪಡುವಣದಿಂದ ಬೀಸುವ ಗಾಳಿ ಈ ಬಯಲಿನಲ್ಲಿ ಅಡ್ಡಿಯಿಲ್ಲದೆ ಬರುತ್ತದೆ. ಹವಾಮಾನ ವರದಿಯ ಗಾಳಿಯ ವೇಗ ನೆಲದಿಂದ ಹತ್ತು ಮೀಟರ್ ಎತ್ತರದ್ದು; ಸವಾರನ ಎದೆಯ ಎತ್ತರದಲ್ಲಿ ಅದು ಬಟಾಬಯಲಿನಲ್ಲಿ ಸುಮಾರು 0.6 ಪಾಲು ಮಾತ್ರ ಇರುತ್ತದೆ. ರಸ್ತೆಯ ಎರಡೂ ಬದಿ ಆಳೆತ್ತರದ ಹಿಂಗಾರಿ ಜೋಳ ನಿಂತಿದ್ದರೆ ಇನ್ನೂ ಕಡಿಮೆ, ಮತ್ತು ಅದೇ ರಸ್ತೆ ಕೊಯ್ಲಾದ ಮೇಲೆ ಬೇರೆಯೇ ರಸ್ತೆಯಾಗುತ್ತದೆ. ವರದಿಯ ಅಂಕಿಗಿಂತ ಜೋಳದ ಗರಿ ಎಷ್ಟು ಅಲುಗುತ್ತಿದೆ ಎಂಬುದು ಸವಾರನ ಮಟ್ಟದ ಗಾಳಿಯನ್ನು ಚೆನ್ನಾಗಿ ತೋರಿಸುತ್ತದೆ.

ವರದಿಯಲ್ಲಿ ಗಂಟೆಗೆ 18 ಕಿ.ಮೀ. ಎಂದಿದ್ದ ದಿನಕ್ಕೆ 0.6 ಪಾಲು ಹಿಡಿದರೆ 10.8 ಕಿ.ಮೀ., ಅಂದರೆ ಸೆಕೆಂಡಿಗೆ 3 ಮೀಟರ್. ಹದಿನೈದು ಕಿಲೋಮೀಟರ್ ನೇರ ಎದುರಿಗೆ ಹೋಗಿ, ತಿರುಗಿ ಅದೇ ದಾರಿಯಲ್ಲಿ ಬರುವುದೆಂದುಕೊಳ್ಳೋಣ. ಅಳೆದು ಪಡೆದ 5.34 ಮತ್ತು 0.2004 ಅಂಕಿಗಳನ್ನು ಹಾಕಿ, 180 ವಾಟ್‌ಗೆ ಬಿಡಿಸಿದರೆ ಹೋಗುವಾಗ ಗಂಟೆಗೆ 25.0 ಕಿ.ಮೀ., ಬರುವಾಗ 37.8 ಕಿ.ಮೀ. ಇವೆರಡರ ಸರಾಸರಿ 31.4 ಎಂದು ಬರೆದುಕೊಳ್ಳುವುದು ತಪ್ಪು, ಏಕೆಂದರೆ ನಿಧಾನದ ವೇಗದಲ್ಲಿ ಕಳೆಯುವ ಹೊತ್ತು ಹೆಚ್ಚು. ಹೊತ್ತನ್ನೇ ಕೂಡಿಸಬೇಕು: ಹೋಗಲು 36.0 ನಿಮಿಷ, ಬರಲು 23.8 ನಿಮಿಷ, ಒಟ್ಟು 59.8. ಗಾಳಿಯಿಲ್ಲದಿದ್ದರೆ 58.0 ಆಗುತ್ತಿತ್ತು. ಹಿಂದಿನಿಂದ ಬಂದ ಗಾಳಿ ಎದುರಿನಿಂದ ಕಸಿದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸುವುದಿಲ್ಲ. ಇಲ್ಲಿ ಹೆಚ್ಚು ಕಡಿಮೆ 1.8 ನಿಮಿಷ ಸವಾರನ ತಲೆಯ ಮೇಲೆಯೇ ಉಳಿಯುತ್ತದೆ.

ಇದೇ ಲೆಕ್ಕದಿಂದ ಒಂದು ಸಣ್ಣ ಉಪಯೋಗವೂ ಇದೆ. ಎದುರುಗಾಳಿಯಲ್ಲಿ 184 ವಾಟ್, ತಿರುಗಿ ಬರುವಾಗ 174 ವಾಟ್ ತುಳಿದರೆ ಇಡೀ ತಾಸಿನ ಸರಾಸರಿ 180 ವಾಟೇ ಆಗುತ್ತದೆ, ಆದರೆ ಆರು ಸೆಕೆಂಡ್ ಉಳಿಯುತ್ತದೆ. ಇದಕ್ಕಿಂತ ಹೆಚ್ಚು ಏರಿಳಿತ ಮಾಡಿದರೆ ಕಾಲು ಸೋಲುವ ಅಪಾಯ ಆ ಸೆಕೆಂಡುಗಳಿಗಿಂತ ದೊಡ್ಡದೆಂಬುದು ನನ್ನ ಅಭಿಪ್ರಾಯ.

ಅಡ್ಡಗಾಳಿಗೆ ಈ ಸರಳ ಸೂತ್ರ ಸಾಲದು. ಗಾಳಿ ಓರೆಯಾಗಿ ಬಡಿದಾಗ CdA ತಾನೇ ಬದಲಾಗುತ್ತದೆ. ಗುಂಪಿನಲ್ಲಿ ಇನ್ನೊಬ್ಬರ ಹಿಂದೆ ಸಾಗುವಾಗಲೂ ಇದು ಅನ್ವಯಿಸುವುದಿಲ್ಲ. ನಿಂತು ಹೊರಡುವುದು, ಬ್ರೇಕ್ ಹಾಕಿ ಮತ್ತೆ ವೇಗ ಏರಿಸುವುದು ಈ ಲೆಕ್ಕದ ಹೊರಗಿನವು. ಪವರ್ ಮೀಟರ್ ಇಲ್ಲದವರು ಸೂತ್ರವನ್ನು ತಿರುಗಿಸಿ ಬಳಸಬಹುದು: ಗಾಳಿಯಿಲ್ಲದ ಬೆಳಗ್ಗೆ ಎರಡೂ ದಿಕ್ಕಿನಲ್ಲಿ ಒಂದೇ ವೇಗ ಹಿಡಿದು ಓಡಿ, ಆ ವೇಗಕ್ಕೆ ಬೇಕಾದ ವಾಟ್ ಲೆಕ್ಕ ಹಾಕುವುದು. ಆದರೆ CdA ಊಹೆಯಲ್ಲಿ ಶೇಕಡಾ 10 ತಪ್ಪಿದರೆ ಉತ್ತರದಲ್ಲಿ ಶೇಕಡಾ 8ರ ಸುಮಾರು ತಪ್ಪುತ್ತದೆ.

ಹುಡುಗ ಒಂದು ಭಾನುವಾರ, ವರದಿಯಲ್ಲಿ 18 ಎಂದೇ ಇದ್ದ ದಿನ, ಆ ಮೂವತ್ತು ಕಿಲೋಮೀಟರ್ ಓಡಿಸಿದನು. ಪವರ್ ಮೀಟರಿನ ಸರಾಸರಿ 180 ವಾಟ್, ಗಡಿಯಾರದಲ್ಲಿ 60 ನಿಮಿಷ 25 ಸೆಕೆಂಡ್. ಲೆಕ್ಕಕ್ಕಿಂತ 36 ಸೆಕೆಂಡ್ ಹೆಚ್ಚು. ಹದಿನೈದನೇ ಕಿಲೋಮೀಟರಿನಲ್ಲಿ ನಡೆಯುವ ವೇಗಕ್ಕೆ ಇಳಿದು ತಿರುಗಿ ಮತ್ತೆ ವೇಗ ಹಿಡಿಯಲು ಸುಮಾರು 15 ಸೆಕೆಂಡ್ ಹೋಗಿದ್ದು ಅವನ ಮೊಬೈಲಿನ ನಕ್ಷೆಯಲ್ಲೇ ಕಾಣುತ್ತಿತ್ತು. ಉಳಿದ 21 ಸೆಕೆಂಡ್ ಇಡೀ ಹೊತ್ತಿನ ಶೇಕಡಾ 0.6ರಷ್ಟು, ಗಾಳಿಯ ಅಂದಾಜಿನಲ್ಲಿ ಅರ್ಧ ಮೀಟರ್ ಹೆಚ್ಚುಕಡಿಮೆಯಾದರೂ ಹುಟ್ಟುವ ಅಂತರ. ಅವನು ಈಗ ಹಿಂದಿನ ಟೈರನ್ನು ಬದಲಿಸಿದ್ದಾನೆ, ಆದ್ದರಿಂದ 5.34 ಎಂಬ ಅಂಕಿ ಹಳೆಯದಾಯಿತು, ಮತ್ತು ದಾರ ಅಲುಗದ ಮುಂದಿನ ಬೆಳಗ್ಗೆ 20 ಕಿ.ಮೀ. ವೇಗದ ಓಟಗಳನ್ನು ಅವನು ಮತ್ತೊಮ್ಮೆ ಮಾಡಬೇಕಾಗಿದೆ.